1709234130 ಅಂದರೆ ಫೆಬ್ರವರಿ 29ರೋ, ಮಾರ್ಚ್ 1ರೋ?

ಪೆರ್ಲದ ತೋಟ

ಕೊಳವೆಬಾವಿಯ ಮೋಟಾರಿಗೆ ಸಿಮ್ ಹಾಕುವ ಕಂಟ್ರೋಲರ್ ಉಂಟು. ಮೋಟಾರ್ ಆನ್ ಆದ ಹೊತ್ತನ್ನು ಅದು ಮೆಮೊರಿ ಕಾರ್ಡಿನಲ್ಲಿ ಬರೆದಿಡುತ್ತದೆ, ಆದರೆ ತಾರೀಕಾಗಿ ಅಲ್ಲ, ಹತ್ತು ಅಂಕಿಯ ಯುನಿಕ್ಸ್ ಟೈಮ್‌ಸ್ಟಾಂಪ್ ಆಗಿ, ಅಂದರೆ 1970 ಜನವರಿ 1ರಿಂದ ಎಣಿಸಿದ ಸೆಕೆಂಡುಗಳಾಗಿ. ತೋಟದಲ್ಲಿ ನೆಟ್ ಸಿಗುವುದಿಲ್ಲ, ಹಾಗಾಗಿ ಕಾಗದದಲ್ಲೇ ಲೆಕ್ಕ ಮಾಡುವ ಕ್ರಮ ಬೇಕು. ಫೋನಿನ ಕ್ಯಾಲ್ಕುಲೇಟರ್ ಉಂಟು, ಅಷ್ಟೆ.

ನನಗೆ ಗೊತ್ತಿರುವ ಕ್ರಮ ಹೀಗೆ: 86400ರಿಂದ ಭಾಗಿಸಿ ದಿನ ತೆಗೆಯುವುದು, ಅದರಿಂದ 790 ಕಳೆಯುವುದು, 1461ರಿಂದ ಭಾಗಿಸುವುದು, ಉಳಿದದ್ದನ್ನು 365ರಿಂದ ಭಾಗಿಸುವುದು.

1709234130 ಎಂಬ ಸಾಲನ್ನು ನೇರವಾಗಿ ಭಾಗಿಸಿದರೆ ದಿನ 19782. ಲೆಕ್ಕ ಮುಗಿಸಿದಾಗ 2024 ಮಾರ್ಚ್ 1 ಬಂತು. ಯುಟಿಸಿ ಎಂಬ ಜಾಗತಿಕ ಹೊತ್ತಿನಿಂದ ನಮ್ಮ ಹೊತ್ತಿಗೆ ತರಲು ಐದೂವರೆ ಗಂಟೆಯ 19800 ಸೆಕೆಂಡು ಕೂಡಿಸಿ ಭಾಗಿಸಿದರೆ ದಿನ 19783. ಅದೂ 2024 ಮಾರ್ಚ್ 1. ಎರಡು ಬೇರೆ ಬೇರೆ ದಿನಕ್ಕೆ ಒಂದೇ ತಾರೀಕು ಬರುವುದು ಹೇಗೆ? ನಾನು ತಪ್ಪಿದ್ದು ಎಲ್ಲಿ?

ಹೊಸೂರಿನವಳು

ಎಕ್ಸೆಲ್‌ನಲ್ಲಿ ಇದು ಒಂದೇ ಸಾಲಿನ ಕೆಲಸ. A2ನಲ್ಲಿ ಸಂಖ್ಯೆ ಇದ್ದರೆ ಪಕ್ಕದ ಮನೆಯಲ್ಲಿ ಇದನ್ನು ಹಾಕಿ, ಆಮೇಲೆ ಆ ಮನೆಯನ್ನು ತಾರೀಕಿನ ಫಾರ್ಮ್ಯಾಟಿಗೆ ಬದಲಿಸಿ.

```
=(A2+19800)/86400+25569
```

25569 ಅಂದರೆ ಎಕ್ಸೆಲ್ ಲೆಕ್ಕದಲ್ಲಿ 1970 ಜನವರಿ 1. ಫಾರ್ಮ್ಯಾಟ್ ಬದಲಿಸದಿದ್ದರೆ 45352 ಚಿಲ್ಲರೆ ಅಂತ ಒಂದು ಸಂಖ್ಯೆ ಮಾತ್ರ ಕಾಣುತ್ತದೆ, ಅದಕ್ಕೆ ಗಾಬರಿಯಾಗಬೇಡಿ.

ಪೆರ್ಲದ ತೋಟ

ಅಕ್ಕಾ, ಮನೆಗೆ ಬಂದ ಮೇಲೆ ಇದು ಉಪಯೋಗಕ್ಕೆ ಬರುತ್ತದೆ. ನನಗೆ ಬೇಕಾದ್ದು ಕೈಲೆಕ್ಕ. ಮತ್ತೆ ಒಂದೇ ತಾರೀಕು ಎರಡು ಸಲ ಯಾಕೆ ಬಂತು ಅನ್ನುವುದು ಗೊತ್ತಾಗಬೇಕು.

ಜತ್ತದ ದಾಳಿಂಬೆ

ಇದು ಲೀಪ್ ಸೆಕೆಂಡಿನ ಕಾಟ ಇರ್ಬೇಕ್ರಿ. 1972ರಿಂದ ಇಲ್ಲೀವರೆಗೆ 27 ಲೀಪ್ ಸೆಕೆಂಡು ಸೇರಿಸ್ಯಾರ. ಅವನ್ನ ಮೊದಲು ಕಳದು, ಆಮ್ಯಾಲ 86400ಲೆ ಭಾಗಿಸಿ ನೋಡ್ರಿ. ನಡುರಾತ್ರಿ ಹತ್ತಿರದ ಸಂಖ್ಯೆ ಇದ್ರ 27 ಸೆಕೆಂಡಿನಾಗ ದಿನಾನ ಬದಲಾಗ್ತದ.

ಮುಳ್ಳೇರಿಯ ಮಾಷ್ಟ್ರು

ಜತ್ತದವರೇ, 27 ಸಲ ಸೇರಿಸಿದ್ದು ಹೌದು, ಕೊನೆಯದ್ದು 2016ರ ಡಿಸೆಂಬರ್ 31ಕ್ಕೆ. ಆದರೆ ಅದನ್ನು ಇಲ್ಲಿ ಕಳೆಯಲಿಕ್ಕಿಲ್ಲ. ಯುನಿಕ್ಸ್ ಸಮಯದಲ್ಲಿ ಪ್ರತಿ ದಿನಕ್ಕೂ ಸರಿಯಾಗಿ 86400 ಸೆಕೆಂಡು. ಲೀಪ್ ಸೆಕೆಂಡ್ ಬಂದ ದಿನಕ್ಕೂ ಅಷ್ಟೇ. ಆ ಹೆಚ್ಚಿನ ಸೆಕೆಂಡನ್ನು ಎಣಿಕೆಗೇ ತೆಗೆದುಕೊಂಡಿಲ್ಲ, ಮತ್ತೆ ಕಳೆಯುವುದು ಯಾವುದನ್ನು? ಕಳೆದರೆ ಲೆಕ್ಕ 27 ಸೆಕೆಂಡು ಹಿಂದೆ ಹೋಗುತ್ತದೆ.

ಪೆರ್ಲದವರೇ, ನಿಮ್ಮ ಕ್ರಮ ಸರಿಯಾದದ್ದೇ. ತಪ್ಪಿದ್ದು ಒಂದೇ ಕಡೆ, 365ರಿಂದ ಭಾಗಿಸುವಲ್ಲಿ. ಎರಡೂ ಸಲ ಏನಾಯಿತು ಅಂತ ಬಿಡಿಸಿ ನೋಡುವ.

19783ರಿಂದ 790 ಕಳೆದರೆ 18993. 1461ರಿಂದ ಭಾಗಿಸಿದರೆ 13 ಸಲ, ಶೇಷ 0. ಹದಿಮೂರು ನಾಲ್ಕಲಿ ಐವತ್ತೆರಡು, 1972ಕ್ಕೆ ಕೂಡಿಸಿದರೆ 2024. ಶೇಷ ಸೊನ್ನೆ, ಅಂದರೆ ಮಾರ್ಚ್ 1. ಇದು ಸರಿ.

19782ರಿಂದ 790 ಕಳೆದರೆ 18992. 1461ರಿಂದ ಭಾಗಿಸಿದರೆ 12 ಸಲ, ಶೇಷ 1460. ನೀವು ಈ 1460ನ್ನು 365ರಿಂದ ಭಾಗಿಸಿ 4 ಅಂತ ಬರೆದಿರಬೇಕು, ಶೇಷ 0. ಆಗ 1972, 48, 4 ಸೇರಿ 2024, ಮಾರ್ಚ್ 1. ತಪ್ಪಾದದ್ದು ಇಲ್ಲಿಯೇ.

1461 ದಿನದ ಒಂದು ಕಟ್ಟಿನಲ್ಲಿ ನಾಲ್ಕು ವರ್ಷ ಉಂಟು. ಮೊದಲ ಮೂರಕ್ಕೆ 365 ದಿನ, ನಾಲ್ಕನೆಯದ್ದಕ್ಕೆ 366. ಶೇಷ 1460 ಅಂದರೆ ಆ ಕಟ್ಟಿನ ಕಟ್ಟಕಡೆಯ ದಿನ. ನಾಲ್ಕನೆಯ ವರ್ಷ ಇನ್ನೂ ಮುಗಿದಿಲ್ಲ, ಅದರ 366ನೆಯ ದಿನ ನಡೆಯುತ್ತಾ ಉಂಟು. 365ರಿಂದ ಭಾಗಿಸುವಾಗ ಆ ಒಂದು ದಿನ ಲೆಕ್ಕಕ್ಕೆ ಸಿಗದೆ ನಾಲ್ಕು ವರ್ಷ ಪೂರ್ತಿಯಾಯಿತು ಅಂತ ಉತ್ತರ ಬರುತ್ತದೆ. ಹಾಗಾಗಿ ಇಲ್ಲಿ ಭಾಗಲಬ್ಧ 0, 1, 2, 3 ಮಾತ್ರ ಇರಬಹುದು. 4 ಬಂದರೆ 3 ಅಂತ ಬರೆದು ಶೇಷಕ್ಕೆ 365 ಹಾಕಿ. ಆ 365 ಯಾವಾಗಲೂ ಫೆಬ್ರವರಿ 29. ನಾಲ್ಕು ವರ್ಷಕ್ಕೊಮ್ಮೆ, ಒಂದೇ ಒಂದು ದಿನಕ್ಕೆ ಬರುವ ತಪ್ಪು ಇದು. ಬೇರೆ ಸಾವಿರದ ನಾನೂರ ಅರವತ್ತು ದಿನ ಲೆಕ್ಕ ಸರಿಯಾಗಿಯೇ ಬರುವ ಕಾರಣ ಯಾರಿಗೂ ಗೊತ್ತಾಗುವುದಿಲ್ಲ.

ಪೆರ್ಲದ ತೋಟ

ಹೌದು ಮಾಷ್ಟ್ರೇ, 4 ಅಂತಲೇ ಬರೆದದ್ದು. ಹಾಗಾದರೆ ಯುಟಿಸಿಯಲ್ಲಿ ಫೆಬ್ರವರಿ 29, ನಮ್ಮಲ್ಲಿ ಮಾರ್ಚ್ 1. ಈ 790 ಎಲ್ಲಿಂದ ಬಂತು? ಮಾರ್ಚಿನಿಂದಲೇ ಯಾಕೆ ಎಣಿಸುವುದು?

ಮುಳ್ಳೇರಿಯ ಮಾಷ್ಟ್ರು

ಎಣಿಕೆ ಸುರುವಾಗುವುದು 1970 ಜನವರಿ 1ರಿಂದ, ಅದು ದಿನ 0. 1970, 1971 ಎರಡು ವರ್ಷಕ್ಕೆ 730 ದಿನ. 1972ರ ಜನವರಿ 31, ಫೆಬ್ರವರಿ 29, ಒಟ್ಟು 60. ಸೇರಿಸಿದರೆ 790. ಅಂದರೆ 1972 ಮಾರ್ಚ್ 1 ಎಂಬುದು ದಿನ 790.

ಮಾರ್ಚಿನಿಂದ ವರ್ಷ ಸುರು ಮಾಡಿದರೆ ಅಧಿಕ ದಿನ ವರ್ಷದ ಕೊನೆಗೆ ಹೋಗಿ ಕೂರುತ್ತದೆ. ನಡುವಿನ ಯಾವ ತಿಂಗಳನ್ನೂ ಅದು ಅಲುಗಿಸುವುದಿಲ್ಲ. ಆದ್ದರಿಂದ ತಿಂಗಳಿಗೆ ಒಂದೇ ಪಟ್ಟಿ ಸಾಕು, ಅಧಿಕ ವರ್ಷಕ್ಕೆ ಬೇರೆ, ಸಾದಾ ವರ್ಷಕ್ಕೆ ಬೇರೆ ಅಂತ ಇಲ್ಲ. ಈ ಪಟ್ಟಿಯನ್ನು ಕಂಟ್ರೋಲರಿನ ಡಬ್ಬಿಯ ಮುಚ್ಚಳದ ಒಳಗೆ ಅಂಟಿಸಿಡಿ:

```
ಮಾರ್ಚ್    0     ಸೆಪ್ಟೆಂಬರ್  184
ಏಪ್ರಿಲ್   31    ಅಕ್ಟೋಬರ್    214
ಮೇ       61    ನವೆಂಬರ್     245
ಜೂನ್     92    ಡಿಸೆಂಬರ್    275
ಜುಲೈ     122   ಜನವರಿ      306
ಆಗಸ್ಟ್    153   ಫೆಬ್ರವರಿ    337
```

ಕೊನೆಯ ಶೇಷಕ್ಕೆ ಸಮ ಅಥವಾ ಅದಕ್ಕಿಂತ ಕಡಿಮೆ ಇರುವ ಸಂಖ್ಯೆಗಳಲ್ಲಿ ದೊಡ್ಡದನ್ನು ಹುಡುಕಿ, ಅದೇ ತಿಂಗಳು. ಶೇಷದಿಂದ ಅದನ್ನು ಕಳೆದು 1 ಕೂಡಿಸಿದರೆ ತಾರೀಕು. ನಿಮ್ಮ 365ಕ್ಕೆ ಹತ್ತಿರದ್ದು 337. ಕಳೆದರೆ 28, ಒಂದು ಕೂಡಿಸಿದರೆ 29. ಫೆಬ್ರವರಿ 29. ಒಂದು ಕೂಡಿಸುವುದು ಯಾಕೆಂದರೆ ಶೇಷ ಸೊನ್ನೆಯಿಂದ ಸುರು, ತಾರೀಕು ಒಂದರಿಂದ ಸುರು.

ಹೊಸೂರಿನವಳು

ನಾನೂ ಪೆನ್ನು ಹಿಡಿದು ಕೂತೆ ಮಾಷ್ಟ್ರೇ. 2147483647 ತೆಗೆದುಕೊಂಡೆ, 32 ಬಿಟ್ ಗಡಿಯಾರಗಳು ಮುಗಿಯುವ ಸಂಖ್ಯೆ. ಅದು 2038 ಅಂತ ಎಲ್ಲರಿಗೂ ಗೊತ್ತು. ನನಗೆ 2037 ಬರುತ್ತಿದೆ. ದಿನ 24855, 790 ಕಳೆದರೆ 24065. 1461ರಿಂದ 16 ಸಲ, ಶೇಷ 689. 365ರಿಂದ 1 ಸಲ, ಶೇಷ 324. 1972, 64, 1 ಸೇರಿ 2037. ತಿಂಗಳು ಜನವರಿ, 324ರಲ್ಲಿ 306 ಹೋದರೆ 18, ತಾರೀಕು 19. ತಿಂಗಳು, ತಾರೀಕು ಸರಿ, ವರ್ಷ ಮಾತ್ರ ತಪ್ಪು.

ಮುಳ್ಳೇರಿಯ ಮಾಷ್ಟ್ರು

ಲೆಕ್ಕ ಎಲ್ಲ ಸರಿ ಟೀಚರೇ, ಒಂದು ಹೆಜ್ಜೆ ಬಾಕಿ. ನಿಮಗೆ ಸಿಕ್ಕಿದ 2037 ಅಂದರೆ 2037ರ ಮಾರ್ಚಿಗೆ ಸುರುವಾದ ವರ್ಷ. ಅದರ ಜನವರಿ, ಫೆಬ್ರವರಿ ಬರುವಾಗ ಕ್ಯಾಲೆಂಡರಿನಲ್ಲಿ 2038 ಆಗಿರುತ್ತದೆ. ಹಾಗಾಗಿ ಶೇಷ 306 ಅಥವಾ ಹೆಚ್ಚು ಇದ್ದರೆ ವರ್ಷಕ್ಕೆ 1 ಕೂಡಿಸಬೇಕು. ಮೇಲಿನ ಫೆಬ್ರವರಿ 29ಕ್ಕೂ ಹಾಗೆಯೇ: 1972, 48, 3 ಸೇರಿ 2023, ಫೆಬ್ರವರಿ ಆದ ಕಾರಣ 2024.

ಹೊಸೂರಿನವಳು

ಈಗ ಕೂತಿತು. 2038 ಜನವರಿ 19. ಉಳಿದ ಸೆಕೆಂಡು 11647, ಅಂದರೆ 3 ಗಂಟೆ 14 ನಿಮಿಷ 7 ಸೆಕೆಂಡು. ನಮಗೆ ಬೆಳಿಗ್ಗೆ 8:44:07. ಆದರೆ ನಾನು ಟೀಚರ್ ಅಲ್ಲ ಸಾರ್.

ಬದಿಯಡ್ಕ ಅಡಿಕೆ

ಇಷ್ಟೆಲ್ಲ ಯಾಕೆ ಮಾರಾಯ್ರೆ. ಪ್ರತಿ ವರ್ಷದ ಜನವರಿ 1ರ ದಿನಸಂಖ್ಯೆಯನ್ನು ಒಂದು ಪುಸ್ತಕದಲ್ಲಿ ಬರೆದಿಟ್ಟುಕೊಂಡರೆ ಆಯಿತು. 2023ಕ್ಕೆ 19358, 2024ಕ್ಕೆ 19723, 2025ಕ್ಕೆ 20089. ದಿನ 19783 ಬಂದರೆ 19723 ಕಳೆಯಿರಿ, 60. ಜನವರಿಯ 31 ತೆಗೆದರೆ 29, ಫೆಬ್ರವರಿಯ 29 ತೆಗೆದರೆ 0. ಮಾರ್ಚ್ 1. ಭಾಗಾಕಾರವೇ ಬೇಡ, ನಾಲ್ಕೋ ಮೂರೋ ಎಂಬ ತಕರಾರೂ ಇಲ್ಲ.

ಮುಳ್ಳೇರಿಯ ಮಾಷ್ಟ್ರು

ಪುಸ್ತಕ ಕೈಯಲ್ಲಿ ಇದ್ದರೆ ಅದು ಬೇಗ ಆಗುತ್ತದೆ, ಒಪ್ಪುತ್ತೇನೆ. ಆದರೆ ಅದರಲ್ಲಿ ಫೆಬ್ರವರಿಗೆ 28 ತೆಗೆಯಬೇಕೋ 29 ತೆಗೆಯಬೇಕೋ ಎಂಬುದನ್ನು ಪ್ರತಿ ಸಲ ನೀವೇ ನೆನಪಿಟ್ಟುಕೊಳ್ಳಬೇಕು. ಅಲ್ಲಿ ತಪ್ಪಿದರೆ ಒಂದು ದಿನಕ್ಕಲ್ಲ, ಮಾರ್ಚಿನಿಂದ ಡಿಸೆಂಬರಿನವರೆಗೆ ಎಲ್ಲ ತಾರೀಕೂ ಒಂದು ಮುಂದೆ ಅಥವಾ ಹಿಂದೆ ಹೋಗುತ್ತದೆ.

ಬದಿಯಡ್ಕ ಅಡಿಕೆ

ಅಧಿಕ ವರ್ಷದ ಎದುರು ಕೆಂಪು ಪೆನ್ನಿನಲ್ಲಿ ಗೀಟು ಹಾಕಿದರೆ ಮರೆಯುವುದಿಲ್ಲ. ನನಗೆ ನನ್ನ ಕ್ರಮವೇ ಸಲೀಸು.

ಜತ್ತದ ದಾಳಿಂಬೆ

ಲೀಪ್ ಸೆಕೆಂಡಿನ ಮಾತು ಹಿಂದ ತಗೋತೀನ್ರಿ. ನಂದೊಂದು ಬ್ಯಾರೆ ತ್ರಾಸ ಐತಿ. ನಮ್ಮ ಡ್ರಿಪ್ಪಿನ ಟೈಮರ್‌ಗೆ ಚಾಲೂ ಆಗೋ ಹೊತ್ತನ್ನ ಟೈಮ್‌ಸ್ಟಾಂಪ್ ಮಾಡೇ ಕೊಡ್ಬೇಕು. ಅಂದ್ರ ತಾರೀಖಿನಿಂದ ಸಂಖ್ಯಾ ಮಾಡೋದು. 2023 ನವೆಂಬರ್ 1ಕ್ಕ ಮುಂಜಾನೆ 6ಕ್ಕ ಅಂತ ಕೊಟ್ಟಿದ್ದೆ, ಅದು ಸಂಜಿ 5ಕ್ಕ ಚಾಲೂ ಆತು. ತಾರೀಖ ಬರೋಬ್ಬರಿ ಐತಿ, ಹೊತ್ತು ತಪ್ಪೇತಿ.

ಮುಳ್ಳೇರಿಯ ಮಾಷ್ಟ್ರು

6ರಿಂದ 17ಕ್ಕೆ ಸರಿಯಾಗಿ 11 ಗಂಟೆ. ಐದೂವರೆಯ ಎರಡು ಪಟ್ಟು. ಕಳೆಯಬೇಕಾದ 19800ನ್ನು ನೀವು ಕೂಡಿಸಿದ್ದೀರಿ. ಸಂಖ್ಯೆಯಿಂದ ತಾರೀಕಿಗೆ ಬರುವಾಗ ಕೂಡಿಸಬೇಕು, ತಾರೀಕಿನಿಂದ ಸಂಖ್ಯೆಗೆ ಹೋಗುವಾಗ ಕಳೆಯಬೇಕು. ವ್ಯತ್ಯಾಸ 11 ಗಂಟೆ ಆದರೆ ಚಿಹ್ನೆ ತಿರುಗಿದೆ, ಐದೂವರೆ ಗಂಟೆ ಆದರೆ ಆ ಹೆಜ್ಜೆಯೇ ಬಿಟ್ಟುಹೋಗಿದೆ ಅಥವಾ ಯಂತ್ರವೇ ಅದನ್ನು ಒಮ್ಮೆ ಮಾಡಿಕೊಂಡಿದೆ ಅಂತ ಅರ್ಥ.

ಆ ತಾರೀಕನ್ನೇ ಮಾಡಿ ತೋರಿಸುತ್ತೇನೆ. 2023ರಲ್ಲಿ 1972 ಕಳೆದರೆ 51. ನವೆಂಬರ್ ಮಾರ್ಚಿನ ನಂತರದ್ದು, ಆದ್ದರಿಂದ 51 ಹಾಗೆಯೇ ಇರಲಿ (ಜನವರಿ, ಫೆಬ್ರವರಿ ಆಗಿದ್ದರೆ ಒಂದು ಕಡಿಮೆ ಮಾಡಿ 50 ಹಿಡಿಯಬೇಕಿತ್ತು). 51ನ್ನು 365ರಿಂದ ಗುಣಿಸಿದರೆ 18615. 51ರಲ್ಲಿ 4 ಎಷ್ಟು ಸಲ? 12 ಸಲ, ಉಳಿದದ್ದನ್ನು ಬಿಡಿ. ಇವು ನಡುವೆ ಬಂದ ಅಧಿಕ ದಿನಗಳು. ಪಟ್ಟಿಯಿಂದ ನವೆಂಬರಿಗೆ 245. ತಾರೀಕು 1, ಅದರಲ್ಲಿ ಒಂದು ಕಳೆದರೆ 0. ಕೊನೆಗೆ 790.

```
18615 + 12 + 245 + 0 + 790 = 19662
19662 × 86400 = 1698796800
6 × 3600 = 21600
1698796800 + 21600 - 19800 = 1698798600
```

ಟೈಮರ್‌ಗೆ ಕೊಡಬೇಕಾಗಿದ್ದದ್ದು 1698798600.

ತಾರೀಕು ಸರಿಯೋ ಅಂತ ವಾರದಿಂದ ಪರೀಕ್ಷೆ ಮಾಡಬಹುದು. 1970 ಜನವರಿ 1 ಗುರುವಾರ. ದಿನಸಂಖ್ಯೆಯನ್ನು 7ರಿಂದ ಭಾಗಿಸಿದರೆ ಶೇಷ 0 ಗುರುವಾರ, 1 ಶುಕ್ರವಾರ, ಹಾಗೆಯೇ 6 ಬುಧವಾರ. 19662ಕ್ಕೆ ಶೇಷ 6. ಗೋಡೆಯ ಕ್ಯಾಲೆಂಡರಿನಲ್ಲಿ 2023 ನವೆಂಬರ್ 1 ಬುಧವಾರವೇ. ಪೆರ್ಲದವರ 19782ಕ್ಕೆ ಶೇಷ 0, ಗುರುವಾರ. ಆದರೆ 2024 ಮಾರ್ಚ್ 1 ಶುಕ್ರವಾರ. ಅಲ್ಲಿಯೇ ತಪ್ಪು ಸಿಕ್ಕಿಬೀಳುತ್ತಿತ್ತು.

ಜತ್ತದ ದಾಳಿಂಬೆ

ಹೌದ್ರಿ, ಕೂಡಿಸಿದ್ದೆ. ಕಳದು ಹಾಕೀನಿ ಈಗ. ಇನ್ನೊಂದು ಟೈಮರ್ ಹದಿಮೂರು ಅಂಕಿ ತೋರಸ್ತದ, ಅದಕ್ಕೇನು ಮಾಡೋದು?

ಹೊಸೂರಿನವಳು

ಅದು ಮಿಲಿಸೆಕೆಂಡು. ಕೊನೆಯ ಮೂರು ಅಂಕಿ ಅಳಿಸಿ ಮುಂದುವರಿಯಿರಿ. ಅಳಿಸದೆ ಮಾಡಿದರೆ ವರ್ಷ ಐವತ್ತಾರು ಸಾವಿರದ ಆಸುಪಾಸು ಬರುತ್ತದೆ, ತಪ್ಪು ತಾನಾಗೇ ಕಾಣುತ್ತದೆ.

ಪೆರ್ಲದ ತೋಟ

ಮಾಷ್ಟ್ರೇ, ತಾರೀಕು ಈಗ ಸರಿ ಬಂತು. ಆದರೆ ಹೊತ್ತು 00:43:12 ಬರುತ್ತಾ ಉಂಟು, ಕಂಪ್ಯೂಟರಿನಲ್ಲಿ 00:45:30. ಫೋನಿನಲ್ಲಿ 1709253930ನ್ನು 86400ರಿಂದ ಭಾಗಿಸಿ, ದಶಾಂಶದ ಭಾಗವನ್ನು ಮತ್ತೆ 86400ರಿಂದ ಗುಣಿಸಿದ್ದು.

ಮುಳ್ಳೇರಿಯ ಮಾಷ್ಟ್ರು

ದಶಾಂಶದಲ್ಲಿ ಎರಡೇ ಅಂಕಿ ಹಿಡಿದಿದ್ದೀರಿ, 0.03. ಅದಕ್ಕೆ 2592 ಸೆಕೆಂಡು, ಅದೇ 43 ನಿಮಿಷ 12 ಸೆಕೆಂಡು. ಇಲ್ಲಿ ದಶಾಂಶವನ್ನು ನಂಬಲೇಬಾರದು. ಪೂರ್ಣ ಭಾಗ 19783 ಮಾತ್ರ ಇಟ್ಟುಕೊಂಡು ತಿರುಗಿ ಗುಣಿಸಿ: 1709251200. ಅದನ್ನು 1709253930ರಿಂದ ಕಳೆದರೆ 2730. ಅರವತ್ತರಿಂದ ಭಾಗಿಸಿದರೆ 45 ನಿಮಿಷ, ಉಳಿದದ್ದು 30 ಸೆಕೆಂಡು.

ಕ್ಯಾಲ್ಕುಲೇಟರ್ ಇಲ್ಲದಿದ್ದರೆ ಕೊನೆಯ ಎರಡು ಅಂಕಿ ಬದಿಗಿಟ್ಟು 17092539ನ್ನು 864ರಿಂದ ಭಾಗಿಸಿ. 19783 ಸಲ, ಶೇಷ 27. ಬದಿಗಿಟ್ಟ 30ನ್ನು ಅದರ ಹಿಂದೆ ಬರೆದರೆ 2730. ಕಾಗದದಲ್ಲಿ ಮಾಡುವಾಗ ಇದು ಬಹಳ ಹಗುರ.

ಬದಿಯಡ್ಕ ಅಡಿಕೆ

ರಾತ್ರಿ ಮುಕ್ಕಾಲು ಗಂಟೆಗೆ ಮೋಟಾರ್ ಆನ್ ಮಾಡಿದ್ದು ಯಾರು? ಅದು ನಿಜವಾದ ಹೊತ್ತೋ ಅಂತ ನೋಡಿದ್ದೀರಾ? ಕೆಲವು ಕಂಟ್ರೋಲರಿನಲ್ಲಿ ಗಡಿಯಾರವನ್ನು ನಮ್ಮ ಹೊತ್ತಿಗೇ ಇಟ್ಟಿರುತ್ತಾರೆ. ಆಗ 19800 ಕೂಡಿಸಲಿಕ್ಕಿಲ್ಲ. ಕೂಡಿಸದಿದ್ದರೆ 29ರ ಸಂಜೆ 7:15:30. ಆ ಹೊತ್ತಿಗೆ ತೋಟಕ್ಕೆ ನೀರು ಬಿಡುವವರು ಇದ್ದಾರೆ.

ಮುಳ್ಳೇರಿಯ ಮಾಷ್ಟ್ರು

ಇದು ನಾನು ಕೇಳಬೇಕಿದ್ದ ಪ್ರಶ್ನೆ. ಸಂಖ್ಯೆಯೊಳಗೆ ಇದಕ್ಕೆ ಉತ್ತರ ಇಲ್ಲ, ಯಂತ್ರವನ್ನೇ ಪರೀಕ್ಷಿಸಬೇಕು. ನಾಳೆ ಬೆಳಿಗ್ಗೆ 7ಕ್ಕೆ ಕೈಯಲ್ಲೇ ಮೋಟಾರ್ ಆನ್ ಮಾಡಿ, ಬಂದ ಸಂಖ್ಯೆಯನ್ನು ಏನೂ ಕೂಡಿಸದೆ 86400ರಿಂದ ಭಾಗಿಸಿ ಶೇಷ ನೋಡಿ. 5400ರ ಹತ್ತಿರ ಇದ್ದರೆ ಗಡಿಯಾರ ಯುಟಿಸಿಯಲ್ಲಿ ಉಂಟು. 25200ರ ಹತ್ತಿರ ಇದ್ದರೆ ನಮ್ಮ ಹೊತ್ತಿನಲ್ಲಿ ಉಂಟು.

ಪೆರ್ಲದ ತೋಟ

ಇವತ್ತು ಸೋಮವಾರ, 7 ಗಂಟೆ 1 ನಿಮಿಷಕ್ಕೆ ಆನ್ ಮಾಡಿದೆ. ಸಂಖ್ಯೆ 1709515860. ನೀವು ಹೇಳಿದ ಹಾಗೆ 17095158ನ್ನು 864ರಿಂದ ಭಾಗಿಸಿದರೆ 19786, ಶೇಷ 54. ಹಿಂದೆ 60 ಬರೆದರೆ 5460. ಒಂದೂವರೆ ಗಂಟೆ, ಮೇಲೆ ಒಂದು ನಿಮಿಷ. ಗಡಿಯಾರ ಯುಟಿಸಿಯಲ್ಲೇ ಉಂಟು. 19786ನ್ನು 7ರಿಂದ ಭಾಗಿಸಿದರೆ ಶೇಷ 4, ಸೋಮವಾರ. ಅದೂ ಸರಿ.

ಆದರೆ ಕಾರ್ಡನ್ನು ಮೇಲಿನಿಂದ ನೋಡುವಾಗ 1709234130ರ ನಂತರದ ಸಾಲಿನಲ್ಲಿ ಬರೀ 412 ಅಂತ ಉಂಟು. ಅದರ ಮತ್ತಿನ ಸಾಲಿನಿಂದ ಪುನಃ ಹತ್ತು ಅಂಕಿ.

ಮುಳ್ಳೇರಿಯ ಮಾಷ್ಟ್ರು

412ಕ್ಕೆ 19800 ಕೂಡಿಸಿದರೆ 20212, ಅಂದರೆ 1970 ಜನವರಿ 1, ಬೆಳಿಗ್ಗೆ 5:36:52. ಗಡಿಯಾರ ಸೊನ್ನೆಗೆ ಬಿದ್ದು ಏಳು ನಿಮಿಷ ಕಳೆಯುವ ಮೊದಲು ಬರೆದ ಸಾಲು ಅದು. ಕರೆಂಟು ಹೋದಾಗ ಗಡಿಯಾರವನ್ನು ಹಿಡಿದಿಡುವ ಬಿಲ್ಲೆ ಸೆಲ್ ಮುಗಿದಿದೆ ಅಂತ ಕಾಣುತ್ತದೆ. ಆಮೇಲೆ ಸಿಮ್ ಮೂಲಕ ನೆಟ್‌ವರ್ಕಿನಿಂದ ಹೊತ್ತು ತೆಗೆದುಕೊಂಡು ಸರಿಯಾಗಿರಬೇಕು.

ಅಂದಮೇಲೆ ನಿಮ್ಮ ಇವತ್ತಿನ ಪರೀಕ್ಷೆ ಆ ಬೀಳುವಿಕೆಯ ನಂತರದ ಗಡಿಯಾರದ್ದು. ಅದಕ್ಕೆ ಮೊದಲು, 1709234130 ಬರೆದಾಗ, ಗಡಿಯಾರವನ್ನು ಯಾರಾದರೂ ಕೈಯಲ್ಲಿ ನಮ್ಮ ಹೊತ್ತಿಗೆ ಇಟ್ಟಿದ್ದರೆ ಆ ಸಾಲಿಗೆ ಬದಿಯಡ್ಕದವರ ಸಂಜೆ 7:15 ಸರಿಯಾಗಬಹುದು.

ಹೊಸೂರಿನವಳು

ಕಂಟ್ರೋಲರಿಗೆ ಕಂಪ್ಯೂಟರ್ ಜೋಡಿಸಲು ಆದರೆ ಸಿಮ್ ಮೊಡ್ಯೂಲನ್ನು ಕೇಳಿ ನೋಡಿ.

```
AT+CCLK?
```

ಉತ್ತರದ ಕೊನೆಗೆ +22 ಅಂತ ಇರಬೇಕು. ಅದು ಕಾಲು ಗಂಟೆಗಳ ಲೆಕ್ಕ, 22 ಕಾಲು ಗಂಟೆ ಅಂದರೆ ಐದೂವರೆ. ಅದಕ್ಕಿಂತ ಮೊದಲು ಇರುವುದು ನಮ್ಮ ಹೊತ್ತು, ಕಂಟ್ರೋಲರ್ ಅದರಿಂದ ಐದೂವರೆ ಕಳೆದು ಬರೆಯಬೇಕು. +00 ಬಂದರೆ ಕಳೆಯುವ ಹೆಜ್ಜೆ ಎಡವುತ್ತದೆ.

ಪೆರ್ಲದ ತೋಟ

ಕೇಬಲ್ ತರಿಸಬೇಕಷ್ಟೆ. ಅಷ್ಟರೊಳಗೆ ಸೆಲ್ ಬದಲಿಸುತ್ತೇನೆ. ಫೆಬ್ರವರಿಯ ಹಳೇ ಸಾಲುಗಳಲ್ಲಿ ನಾನೇ ನಿಂತು ಆನ್ ಮಾಡಿದ ಯಾವುದಾದರೂ ದಿನ ಸಿಗುತ್ತದೋ ಅಂತ ನೀರು ಬಿಟ್ಟ ಪುಸ್ತಕದಲ್ಲಿ ಹುಡುಕುತ್ತೇನೆ. ಒಂದು ಸಾಲು ಹೊಂದಿದರೂ ಆ ದಿನದ ಗಡಿಯಾರ ಯಾವ ಹೊತ್ತಿನಲ್ಲಿ ಇತ್ತು ಅಂತ ಹೇಳಬಹುದಲ್ಲ.

ಮುಳ್ಳೇರಿಯ ಮಾಷ್ಟ್ರು

ಹೇಳಬಹುದು. ಆದರೆ ಆ ಸಾಲಿಗೂ 1709234130ಕ್ಕೂ ನಡುವೆ ಬೇರೆ ಚಿಕ್ಕ ಸಂಖ್ಯೆ ಇರಬಾರದು, ಎಲ್ಲಿಯೂ ಸಂಖ್ಯೆ ಹಿಂದೆ ಹೋಗಿರಬಾರದು. ಅದನ್ನು ಮೊದಲು ನೋಡಿಕೊಳ್ಳಿ.